ಗೆಳೆಯನಿಗೊಂದು ಪತ್ರ: ಹನ್ನೊಂದು ಸಾವಿರದ ಕಥೆ

ಲೋ ಮಾರಾಯ,

ಮೊನ್ನೆ ಫೋನಲ್ಲಿ "ಏನಾಯ್ತೋ ನಿನ್ ಮನೆ ವಿಷ್ಯ" ಅಂತ ಕೇಳ್ದೆ, ನಾನು "ಎಲ್ಲಾ ಸೆಟ್ಟಲ್ ಆಯ್ತು ಬಿಡು" ಅಂದು ಮಾತು ತಿರುಗಿಸ್ದೆ. ಪೂರ್ತಿ ಇಲ್ಲಿ ಬರೀತೀನಿ, ಬಾಡಿಗೆ ಮನೇಲಿರೋ ಬೇರೆಯೋರೂ ಓದ್ಕೊಳ್ಳಲಿ. ಟೊಮೆಟೊ ಕೇಸ್ ಬಗ್ಗೆ ಮಾತ್ರ ಕಮೆಂಟಲ್ಲಿ ಬಾಯಿ ಬಿಡ್ಬೇಡ, ನನ್ನಾಣೆ.

ಗೊತ್ತಲ್ಲ, ವಿಜಯನಗರದ ಮನೆ, ಎರಡು ರೂಮು, ಬಾಡಿಗೆ 22,000, ಅಡ್ವಾನ್ಸು ಒಂದೂವರೆ ಲಕ್ಷ. ಹೋದ ವರ್ಷ ಸೇರೋವಾಗ ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ ಕೊಟ್ಟಿದ್ದೆ, ಮನೆ ತೋರಿಸಿದ್ದಕ್ಕೆ. ಎಲ್ಲರ ಥರ ನಂದೂ 11 ತಿಂಗಳ ಅಗ್ರಿಮೆಂಟು. ವರ್ಷಕ್ಕಿಂತ ಜಾಸ್ತಿ ಅವಧಿ ಬರೆದ್ರೆ ರಿಜಿಸ್ಟರ್ ಮಾಡಿಸ್ಬೇಕಲ್ಲ, ಅದಕ್ಕೇ ಬೆಂಗಳೂರಿನ ಅರ್ಧಕ್ಕರ್ಧ ಸಂಸಾರ ಹನ್ನೊಂದನೇ ತಿಂಗಳಿಗೆ ಬಂದು ನಿಂತ್ಕೊಳ್ಳುತ್ತೆ. ಮುಗಿಯೋಕೆ ಇನ್ನೂ 25 ದಿನ ಇತ್ತು, ಬ್ರೋಕರ್ ಫೋನು. "ಸಾರ್, ರಿನ್ಯೂವಲ್ ಬಂತು. ಓನರ್ 10 ಪರ್ಸೆಂಟ್ ಜಾಸ್ತಿ ಕೇಳ್ತಿದಾರೆ, 24,200. ನಮ್ದು ಅರ್ಧ ತಿಂಗಳು ರಿನ್ಯೂವಲ್ ಬ್ರೋಕರೇಜು, 11,000. ಇವತ್ತೇ ಹಾಕಿದ್ರೆ ನಾಳೆನೇ ಪೇಪರ್ ಮಾಡ್ಸ್ಬಿಡ್ತೀನಿ."

ನಾನು ಹಾಕ್ಬಿಡೋನೇ ಇದ್ದೆ ಕಣೋ. ನಿಜ. ಜಗಳ ಅಂದ್ರೆ ನಂಗೆ ಕೈ ನಡುಗುತ್ತೆ ಅನ್ನೋದು ನಿಂಗಿಂತ ಚೆನ್ನಾಗಿ ಯಾರಿಗ್ ಗೊತ್ತು. ಫೋನ್‌ಪೇ ತೆಗೆದು ಅಮೌಂಟೂ ಟೈಪ್ ಮಾಡಿದ್ದೆ. ಆಮೇಲೆ ಯಾಕೋ ಬೀರು ತೆಗ್ದು ಹಳೇ ಅಗ್ರಿಮೆಂಟ್ ನೋಡ್ದೆ. ಮೊದಲನೇ ಪುಟದಲ್ಲಿ ಇಬ್ಬರೇ, ಮಾಲೀಕರು ಮತ್ತು ಬಾಡಿಗೆದಾರ. ಬ್ರೋಕರ್ ಇರೋದು ಕೊನೇ ಪುಟದಲ್ಲಿ, ಸಾಕ್ಷಿ ಅಂತ ಒಂದು ಸೊಟ್ಟ ಸೈನು. ಬ್ರೋಕರೇಜ್ ಅನ್ನೋ ಪದ ನಾಲ್ಕು ಪುಟದಲ್ಲಿ ಎಲ್ಲೂ ಇಲ್ಲ. ಆರನೇ ಕಂಡೀಷನ್ನಲ್ಲಿ ಮಾತ್ರ ನೀಟಾಗಿ ಬರ್ದಿದೆ, ಮುಂದುವರಿಸಿದ್ರೆ ಬಾಡಿಗೆ 5 ಪರ್ಸೆಂಟ್ ಹೆಚ್ಚಿಸೋದು ಅಂತ. ಅಂದ್ರೆ 23,100. ಅವನು ಹೇಳಿದ್ದಕ್ಕಿಂತ ತಿಂಗಳಿಗೆ 1,100 ಕಮ್ಮಿ, 11 ತಿಂಗಳಿಗೆ 12,100. ಅದಕ್ಕೆ ಅವನ 11,000 ಸೇರಿಸಿ ನೋಡ್ದೆ, ಸರಿಯಾಗಿ 23,100, ಒಂದ್ ಇಡೀ ತಿಂಗಳ ಹೊಸ ಬಾಡಿಗೆ! ನಂಗೆ ಲೆಕ್ಕದಲ್ಲಿ ಯಾವತ್ತೂ ಇಷ್ಟು ಚೆನ್ನಾಗಿ ಉತ್ತರ ಬಂದಿಲ್ಲ.

ಬ್ರೋಕರ್ ಕೊಟ್ಟ ಯಾವ್ದಾದ್ರೂ ಫಾರ್ಮಿಗೆ ನಾವು ಮೊದಲೇ ಸೈನ್ ಹಾಕಿದ್ರೆ, "ರಿನ್ಯೂವಲ್‌ಗೆ ಇಷ್ಟು" ಅಂತ ವಾಟ್ಸಾಪಲ್ಲಿ ಒಪ್ಕೊಂಡಿದ್ರೆ ಕಥೆ ಬೇರೆ, ಅದು ನಾವು ಕೊಟ್ಟ ಮಾತು. ಅದಕ್ಕೇ ಹಳೇ ಚಾಟ್ ಪೂರ್ತಿ ಮೇಲಿಂದ ಕೆಳಗೆ ಓದ್ದೆ. ಏನೂ ಇರ್ಲಿಲ್ಲ. ಅಡ್ವಾನ್ಸೂ ಓನರ್ ಅಕೌಂಟಿಗೇ ಹೋಗಿತ್ತು, ನಮ್ಮಪ್ಪ ಅವತ್ತು ಹಟ ಹಿಡಿದಿದ್ದಕ್ಕೆ. ಅವನ ಅಕೌಂಟಿಗೆ ಹಾಕಿದ್ದಿದ್ರೆ ಈಗ ನನ್ ಜುಟ್ಟು ಅವನ ಕೈಲಿರೋದು.

ಆಮೇಲೆ ಹೀಗೆ ಕಳಿಸ್ದೆ, ನಾಲ್ಕು ಸಲ ಅಳಿಸಿ ಬರ್ದು: "ನಮಸ್ಕಾರ. ಮನೆ ತೋರಿಸಿದ್ದಕ್ಕೆ ಹೋದ ವರ್ಷ ಪೂರ್ತಿ ಬ್ರೋಕರೇಜ್ ಕೊಟ್ಟಿದೀನಿ. ಈಗ ಹೊಸ ಮನೆ ಹುಡುಕಿಲ್ಲ, ಅದೇ ಮನೇಲಿ ಮುಂದುವರೀತಿದೀನಿ, ಅದಕ್ಕೆ ಇನ್ನೊಂದು ಸಲ ಕೊಡಲ್ಲ. ಪೇಪರ್ ನೀವೇ ಮಾಡಿಸಿದ್ರೆ ಸ್ಟ್ಯಾಂಪು, ಟೈಪಿಂಗ್ ಖರ್ಚು ಬಿಲ್ ಪ್ರಕಾರ ಕೊಡ್ತೀನಿ. ಬಾಡಿಗೆ ವಿಷಯ ಓನರ್ ಹತ್ರ ನಾನೇ ಮಾತಾಡ್ತೀನಿ, ದಯವಿಟ್ಟು ನಂಬರ್ ಕೊಡಿ."

ಹತ್ತು ನಿಮಿಷಕ್ಕೆ ಫೋನು. ಓನರ್ ಮೈಸೂರಲ್ಲಿರ್ತಾರೆ, ಬಾಡಿಗೆಯೋರ ಹತ್ರ ಮಾತಾಡಲ್ಲ, ಬೇರೆ ಪಾರ್ಟಿ 26,000ಕ್ಕೆ ರೆಡಿ ಇದೆ, 25 ದಿನ ಆದ್ಮೇಲೆ ಖಾಲಿ ಮಾಡಿ ಅಂದ. ಇಲ್ಲಿ ನಾನು ಹೆದರಿದ್ದು ಸುಳ್ಳಲ್ಲ. ಕೋರ್ಟಲ್ಲಿ ಗುಮಾಸ್ತೆ ಆಗಿರೋ ಭಾವನ್ನ ಕೇಳ್ದೆ. ಅಗ್ರಿಮೆಂಟ್ ಮುಗಿದ ರಾತ್ರಿ ಯಾರೂ ಬೀದಿಗೆ ಬೀಳಲ್ಲ ಕಣೋ ಅಂದ್ರು, ಆಮೇಲೂ ಓನರ್ ಬಾಡಿಗೆ ತಗೊಂಡ್ರೆ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿದ ಹಾಗೆ, ಬಿಡಿಸ್ಬೇಕಾದ್ರೂ ನೋಟಿಸ್ ಕೊಡ್ಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲೇ ಇದೆಯಂತೆ. ಆದ್ರೆ ಅದನ್ನ ನಂಬ್ಕೊಂಡು ಸುಮ್ನೆ ಕೂರಬೇಡ, ಓನರ್‌ಗೆ ನೀನು ಇರೋದು ಇಷ್ಟವೋ ಇಲ್ವೋ ಅದನ್ನ ಮೊದ್ಲು ತಿಳ್ಕೋ ಅಂದ್ರು.

ನಂಬರ್ ಸಿಕ್ಕಿದ್ದು ಕೆಳಗಿನ ಇಸ್ತ್ರಿ ಅಂಗಡಿ ಅಣ್ಣನ ಹತ್ರ. ಓನರ್‌ದು ಕೊರಿಯರ್ ಬಂದ್ರೆ ಅವ್ರೇ ಇಟ್ಕೊಂಡು ಫೋನ್ ಮಾಡೋದಂತೆ, ಹನ್ನೊಂದು ತಿಂಗಳಿಂದ ವಾರಕ್ಕೆರಡು ಸಲ ಅವರ ಕೈಗೆ ಷರ್ಟ್ ಕೊಡ್ತಿದೀನಿ ನಾನು.

ಓನರ್ ರಿಟೈರ್ಡ್ ಟೀಚರ್ರು. ಬ್ರೋಕರ್ ಮೇಲೆ ಚಾಡಿ ಹೇಳ್ಬಾರ್ದು ಅಂತ ಮೊದ್ಲೇ ತೀರ್ಮಾನ ಮಾಡಿದ್ದೆ, ಅವ್ರು ಕರೆಸಿದ ಮನುಷ್ಯ ಅವನು. "ಮೇಡಂ, ಇನ್ನೊಂದು ವರ್ಷ ಇರ್ತೀವಿ, ಅಗ್ರಿಮೆಂಟ್ ಪ್ರಕಾರ 23,100 ಕೊಡ್ತೀವಿ, ನಿಮಗೆ ಒಪ್ಗೆನಾ" ಅಷ್ಟೇ ಕೇಳ್ದೆ. ಅವ್ರು, "ಅಯ್ಯೋ, ನೀವು ಖಾಲಿ ಮಾಡ್ತಿದೀರ ಅಂದ್ರಲ್ಲ ಅವ್ರು? ಹೊಸಬ್ರನ್ನ ನೋಡ್ತೀನಿ ಅಂತ ಹೇಳಿದ್ರು!"

ಆಗ ಅರ್ಥ ಆಯ್ತು. ನಾನು ಮನೇಲೇ ಇದ್ರೆ ಅವನಿಗೆ ಒಂದು ಪೈಸೆ ಹುಟ್ಟಲ್ಲ. ಬಿಟ್ಟರೆ ಹೊಸಬರಿಂದ ಇಡೀ ತಿಂಗಳು. ಬಿಡದೇ ಇದ್ರೆ ಹೆದರಿಸಿ ಅರ್ಧ. ಅವನನ್ನ ಕಳ್ಳ ಅನ್ನೋಕೂ ಮನಸ್ಸು ಬರ್ತಿಲ್ಲ, ಅವನ ವ್ಯಾಪಾರ ಇರೋದೇ ಜನ ಅತ್ಲಿಂದಿತ್ಲಿಗೆ ಓಡಾಡ್ತಿರ್ಲಿ ಅನ್ನೋದ್ರ ಮೇಲೆ.

ಇಲ್ಲಿಗೇ ನಿಲ್ಲಿಸ್ಬೇಕಿತ್ತು ನಾನು. ಆದ್ರೆ ಓನರ್‌ಗೆ ಫೋನ್ ಮಾಡೋಕೆ ಮೂರು ದಿನ ಯಾಕೆ ತಗೊಂಡೆ ಅಂತ ನಿನಗಾದ್ರೂ ಹೇಳ್ಬೇಕು. ಹೋದ ವರ್ಷ ಮನೆ ನೋಡಿದ ದಿನ ಇದೇ ಬ್ರೋಕರ್ ನನ್ನ ಮುಂದೆನೇ ಅವ್ರಿಗೆ ಫೋನ್ ಮಾಡಿ, "ನಮ್ಮೋರೇ ಮೇಡಂ, ಪ್ಯೂರ್ ವೆಜ್ಜು, ಯೋಚ್ನೆನೇ ಮಾಡ್ಬೇಡಿ" ಅಂದ. ನನ್ನ ನೋಡಿ ಕಣ್ಣು ಹೊಡೆದ. ಅದಕ್ಕೂ ಮೊದ್ಲು ಏಳು ಮನೆ ಕೈ ತಪ್ಪಿತ್ತು, ಹೆಂಡತಿಗೆ ಆರು ತಿಂಗಳು. ನಾನು ತಲೆ ಬಗ್ಗಿಸಿ ಟೈಲ್ಸ್ ನೋಡ್ದೆ. ಹಾಗಾಗಿ ಆ 22,000 ಬರೀ ಮನೆ ತೋರಿಸಿದ್ದಕ್ಕಾ, ಆ ಸುಳ್ಳಿಗೂ ಸೇರಿತ್ತಾ ಅಂತ ಈಗ ಅನುಮಾನ. ಓನರ್ ಹತ್ರ ನೇರ ಮಾತಾಡೋದು ಅಂದ್ರೆ ಆ ಸುಳ್ಳಿನ ಹತ್ರ ನೇರ ಮಾತಾಡೋದು.

ಮೇಡಂ ಕೇಳೇ ಕೇಳಿದ್ರು. "ಯಾವ ಕಡೆಯೋರು ನೀವು?" "ಹಿರಿಯೂರು ಮೇಡಂ." "ಅಲ್ಲಿ ನಮ್ಮೋರು ಕಮ್ಮಿ ಅಲ್ವಾ?" "ಹೂಂ ಮೇಡಂ, ಕಮ್ಮಿನೇ."

ನೋಡು, ಒಂದಕ್ಷರ ಸುಳ್ಳಿಲ್ಲ! ಹನ್ನೊಂದು ಸಾವಿರಕ್ಕೆ ಅಷ್ಟು ನ್ಯಾಯ ಮಾತಾಡಿದ ನಿನ್ನ ಸ್ನೇಹಿತ ಇದಕ್ಕೆ "ಹೂಂ" ಅಂದ. ಆ ರಾತ್ರಿ ನಿದ್ದೆ ಬರ್ಲಿಲ್ಲ, ಸೊಳ್ಳೆ ಅಂತ ಇವಳಿಗೆ ಹೇಳ್ದೆ. ಇರ್ಲಿ ಬಿಡು, ಸೊಳ್ಳೆನೂ ಇತ್ತು.

23,100ಕ್ಕೆ ಮೇಡಂ ವಾಟ್ಸಾಪಲ್ಲೇ ಒಪ್ಪಿಗೆ ಕಳಿಸಿದ್ರು, ಇ-ಸ್ಟ್ಯಾಂಪ್ ನಾನೇ ತಂದೆ, ಮೈಸೂರಿಗೆ ಹೋಗಿ ಸೈನ್ ಹಾಕಿಸ್ಕೊಂಡು ಬಂದೆ, ಕಾಫಿ ಜೊತೆ ಕೋಡುಬಳೆನೂ ಕೊಟ್ರು. ಎರಡು ತಿಂದೆ, ಮೂರನೇದಕ್ಕೆ ಕೈ ಹೋಗ್ಲಿಲ್ಲ.

ಮುಂದಿನ ಭಾನುವಾರ ನೀನು ಬರ್ತಿದೀಯಲ್ಲ, ಮೀನು ತರೋದಾದ್ರೆ ಎರಡು ಕವರ್ ಹಾಕಿಸ್ಕೊಂಡು ಬಾ, ಅಡುಗೆಮನೆ ಕಿಟಕಿ ಮುಚ್ಚೋ ಜವಾಬ್ದಾರಿ ನಂದು. ಅಂದಹಾಗೆ ಬ್ರೋಕರ್ ನಿನ್ನೆ ಮೆಸೇಜ್ ಮಾಡಿದ್ದ, "ಸಾರ್ ಫ್ರೆಂಡ್ಸ್‌ಗೆ ಯಾರಿಗಾದ್ರೂ ಮನೆ ಬೇಕಾ" ಅಂತ. ನಿನ್ ನಂಬರ್ ಕೊಟ್ಟಿದೀನಿ.

ನಿನ್ನ,
ಟೈಲ್ಸ್ ನೋಡೋನು