ಸಾಲದ ಕಂತಿನ ಆಚೆಗಿನ ಲೆಕ್ಕ: ಮಗಳಿಗೊಂದು ಪತ್ರ

ಚಿಕ್ಕಮಗಳೂರು
ಭಾನುವಾರ

ಪ್ರೀತಿಯ ಪುಟ್ಟಿ,

ಹಾಸನದಲ್ಲಿ ನೀನು ನೋಡಿರುವ ಫ್ಲಾಟಿನ ಫೋಟೋಗಳನ್ನೆಲ್ಲ ಅಪ್ಪನೂ ನಾನೂ ಕೂತು ನೋಡಿದೆವು. ಅಡುಗೆಮನೆಗೆ ಬೆಳಕು ಚೆನ್ನಾಗಿದೆ. ಸಂತೋಷ ಆಯಿತು. ಆದರೆ ಫೋನಿನಲ್ಲಿ ನೀನು ಹೇಳಿದ ಒಂದು ಮಾತು ನನ್ನ ತಲೆಯಲ್ಲೇ ಉಳಿದಿದೆ. "ಅಮ್ಮಾ, ತಿಂಗಳಿಗೆ 27 ಸಾವಿರ ಕಂತು ಕಟ್ಟಿದರೆ ಆಯ್ತು, ಮನೆ ನಮ್ಮದು" ಅಂದೆ. ಅಷ್ಟಕ್ಕೇ ಆಗುವುದಿಲ್ಲ ಕಣೇ. ನಮ್ಮ ಅಪಾರ್ಟ್‌ಮೆಂಟಿನ ಸಂಘದಲ್ಲಿ ಮೂರು ವರ್ಷ ಖಜಾಂಚಿಯಾಗಿ ಲೆಕ್ಕ ಬರೆದವಳು ನಾನು. ಆ ಪುಸ್ತಕವನ್ನು ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ನಿನಗೆ ಬಿಲ್ಡರ್ ಹೇಳಿರುವುದು ಚದರಡಿಗೆ 2 ರೂಪಾಯಿ ಮೇಂಟೆನೆನ್ಸ್, ಎರಡು ವರ್ಷದ್ದು ಮುಂಗಡ. 1,150 ಚದರಡಿಗೆ ತಿಂಗಳಿಗೆ 2,300. ನಾವು ಬಂದಾಗ ನಮಗೆ ಹೇಳಿದ್ದೂ ಅದೇ 2 ರೂಪಾಯಿ. ನಮ್ಮದು 24 ಮನೆ, ಎಲ್ಲವೂ ಹೆಚ್ಚುಕಡಿಮೆ ಅಷ್ಟೇ ಅಳತೆಯವು. ತಿಂಗಳಿಗೆ 55 ಸಾವಿರ ಕೂಡುತ್ತಿತ್ತು. ಹಗಲು ಒಬ್ಬ, ರಾತ್ರಿ ಒಬ್ಬ ವಾಚ್‌ಮನ್, ಅವರಿಬ್ಬರ ಸಂಬಳಕ್ಕೇ 26 ಸಾವಿರ. ಮೆಟ್ಟಿಲು ಗುಡಿಸಿ ಒರೆಸುವವರಿಗೆ 9 ಸಾವಿರ. ಲಿಫ್ಟು, ಮೋಟಾರು, ದೀಪಗಳ ಕರೆಂಟ್ ಬಿಲ್ಲು ಇನ್ನೊಂದು 9 ಸಾವಿರ. ಲಿಫ್ಟ್ ಕಂಪನಿಯ ಒಪ್ಪಂದದ ಹಣ, ಜನರೇಟರಿನ ಡೀಸೆಲ್, ಟ್ಯಾಂಕ್ ತೊಳೆಸುವುದು ಇವೆಲ್ಲ ಸೇರಿದರೆ ಕೈಯಲ್ಲಿ ಉಳಿಯುತ್ತಿದ್ದದ್ದು ಎರಡು ಸಾವಿರ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋದರೆ ಅದೂ ಡೀಸೆಲ್ಲಿಗೇ.

ಅಂದರೆ ಆ 2 ರೂಪಾಯಿ ಕಟ್ಟಡವನ್ನು ನಡೆಸುವುದಕ್ಕೆ ಮಾತ್ರ ಸಾಕಾಗುತ್ತದೆ. ರಿಪೇರಿಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ಬಿಲ್ಡರಿಗೆ ಮನೆ ಮಾರಬೇಕು, ಹಾಗಾಗಿ ಕಡಿಮೆ ಹೇಳುತ್ತಾರೆ. ಸಂಘದವರಿಗೂ ದರ ಏರಿಸಿ ಬೈಸಿಕೊಳ್ಳುವುದು ಬೇಡ. ಕಟ್ಟಡಕ್ಕೆ ನಾಲ್ಕೈದು ವರ್ಷ ಆಗುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ನಮಗೆ ಗೊತ್ತಾಗಿದ್ದು ತಾರಸಿಯಿಂದ. ನಾವು 2018ರ ಏಪ್ರಿಲ್‌ನಲ್ಲಿ ಬಂದೆವಲ್ಲ, 2021ರ ಮಳೆಗಾಲದಲ್ಲಿ ನಿನ್ನ ರೂಮಿನಲ್ಲಿ ಬೀರುವಿನ ಮೇಲ್ಗಡೆಯ ಗೋಡೆಯಲ್ಲಿ ಹಳದಿ ಕಲೆ ಕಾಣಿಸಿತು. ಅಂಗೈ ಅಗಲ ಇತ್ತು. ಮುಟ್ಟಿದರೆ ತಣ್ಣಗೆ. ಆಮೇಲೆ ಬಣ್ಣ ಹಪ್ಪಳದ ಹಾಗೆ ಉಬ್ಬಿ ಹಕ್ಕಳೆ ಎದ್ದಿತು, ಬಟ್ಟೆಗೆಲ್ಲ ಬೂಷ್ಟಿನ ವಾಸನೆ. ನಾವು ಒಳಗಿನಿಂದ ಉಜ್ಜಿಸಿ ಬಣ್ಣ ಹೊಡೆಸಿದೆವು, 8 ಸಾವಿರ ಆಯಿತು. 2022ರಲ್ಲಿ ಮತ್ತೆ ಅದೇ ಜಾಗ, ಮತ್ತೆ ಬಣ್ಣ. 2023ರಲ್ಲಿ ಮಳೆಯೇ ಕೈಕೊಟ್ಟಿತು, ಗೋಡೆ ಒಣಗಿಯೇ ಇತ್ತು. ಸರಿಹೋಯಿತು ಅಂದುಕೊಂಡೆವು. 2024ರ ಜುಲೈನಲ್ಲಿ ಮಳೆ ಹಿಡಿದಾಗ ಮೂಲೆಯಿಂದ ಹನಿ ಬಿದ್ದು ಕೆಳಗೆ ಬಕೆಟ್ ಇಡುವ ಹಾಗಾಯಿತು.

ಆಗ ಬಿಲ್ಡರಿಗೆ ಪತ್ರ ಬರೆದೆವು. ಐದು ವರ್ಷ ಮುಗಿದಿದೆ ಅಂದರು. ಮನೆ ಕೊಳ್ಳುವವರ ರಕ್ಷಣೆಗಿರುವ ರೇರಾ ಕಾಯ್ದೆಯ 14ನೇ ಕಲಮಿನಲ್ಲಿ ಹಾಗೇ ಇದೆ. ಮನೆ ಕೈಗೆ ಬಂದ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲೋ ಕೆಲಸದಲ್ಲೋ ದೋಷ ಕಂಡು ತಿಳಿಸಿದರೆ, ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಲ್ಲಿ ಸರಿಮಾಡಿಕೊಡಬೇಕು. ನಾವು 2021ರಲ್ಲೇ ಹೇಳಿದ್ದೆವು, ಆದರೆ ಬಾಯಿಮಾತಲ್ಲಿ. ಒಂದು ಮೇಲ್ ಕಳಿಸಿದ್ದರೂ ತೋರಿಸಬಹುದಿತ್ತು. ಇದನ್ನು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ. ನೀನು ಹಾಗೆ ಮಾಡಬೇಡ. ಸಣ್ಣ ಕಲೆ ಕಂಡರೂ ತಾರೀಖು ಸಮೇತ ಫೋಟೋ ತೆಗೆದು ಬರಹದಲ್ಲಿ ಕಳಿಸು.

ಕೊನೆಗೆ ಮೇಸ್ತ್ರಿ ಬಂದು ನೋಡಿದರು. ಮಳೆನೀರಿನ ಪೈಪಿನ ಬಾಯಿಗೆ ಸಿಲ್ವರ್ ಓಕ್ ಎಲೆ ತುಂಬಿ ನೀರು ನಿಲ್ಲುತ್ತಿತ್ತು. ನಿಂತ ನೀರು ಪ್ಯಾರಾಪೆಟ್ ಗೋಡೆ ತಾರಸಿಗೆ ಕೂಡುವ ಮೂಲೆಯ ಬಿರುಕಿನಲ್ಲಿ ಇಳಿಯುತ್ತಿತ್ತು. ನಾವು ಒಳಗೆ ಎಷ್ಟು ಬಣ್ಣ ಹೊಡೆದರೂ ಏನು ಪ್ರಯೋಜನ, ಅಲ್ವಾ? ತಾರಸಿ 6,000 ಚದರಡಿ. ಬಿರುಕು ಮುಚ್ಚಿ, ನೀರು ಇಳಿಯದ ಹಾಗೆ ಮೇಲೆ ಲೇಪ ಹಚ್ಚಿಸುವುದಕ್ಕೆ ಚದರಡಿಗೆ 65 ರೂಪಾಯಿ ಲೆಕ್ಕದಲ್ಲಿ 3 ಲಕ್ಷದ 90 ಸಾವಿರ ಆಯಿತು. ಸಂಘದ ಖಾತೆಯಲ್ಲಿ ಅಷ್ಟು ಎಲ್ಲಿತ್ತು? ಮನೆಗೆ 16,250ರಂತೆ ಒಟ್ಟಿಗೇ ಎತ್ತಬೇಕಾಯಿತು. "ಸೋರುವುದು ನಾಲ್ಕನೇ ಮಹಡಿಯವರಿಗೆ, ನಾವ್ಯಾಕೆ ಕೊಡಬೇಕು" ಅಂತ ಕೆಳಗಿನವರು ಜಗಳಕ್ಕೇ ಬಂದರು. ತಾರಸಿ ಎಲ್ಲರ ಆಸ್ತಿ, 1972ರ ಅಪಾರ್ಟ್‌ಮೆಂಟ್ ಒಡೆತನದ ಕಾಯ್ದೆ ಪ್ರಕಾರ ಅದರ ಖರ್ಚು ಎಲ್ಲರ ಪಾಲಿಗೂ ಬರುತ್ತದೆ ಅಂತ ತಿಳಿಸಿ ಹೇಳುವುದಕ್ಕೆ ಮೂರು ಸಭೆ ಬೇಕಾದವು.

ಕೆಲಸ 2025ರ ಫೆಬ್ರವರಿಯಲ್ಲಿ ಮಾಡಿಸಿದೆವು. ಹೂಮಳೆ ಬರುವ ಮುಂಚೆಯೇ ಆಗಬೇಕು, ಕಾಂಕ್ರೀಟ್ ಒಣಗಿರದಿದ್ದರೆ ಮೇಲೆ ಹಚ್ಚಿದ್ದು ಹಿಡಿಯುವುದಿಲ್ಲ. ಮುಗಿದ ಮೇಲೆ ಪೈಪಿನ ಬಾಯಿ ಮುಚ್ಚಿ ಎರಡು ದಿನ ನೀರು ನಿಲ್ಲಿಸಿದೆವು. ಕೆಳಗಿನ ಆರೂ ಮನೆಯಲ್ಲಿ ಚಾವಣಿ ನೋಡಿದ ಮೇಲೇ ಕೊನೆಯ ಕಂತು ಕೊಟ್ಟಿದ್ದು. ಆಮೇಲೆ ಮೇಂಟೆನೆನ್ಸ್ 3 ರೂಪಾಯಿ ಮಾಡಿದೆವು. ಹೆಚ್ಚಾದ ಹಣದಲ್ಲಿ ಅರ್ಧ ಏರಿದ ಸಂಬಳಕ್ಕೆ ಹೋಗುತ್ತದೆ, ಉಳಿದರ್ಧ ರಿಪೇರಿ ನಿಧಿಗೆ.

ಆಸ್ತಿ ತೆರಿಗೆ ಇದರ ಮುಂದೆ ಸಣ್ಣದು. ನಮ್ಮದು ಕರಗಳೆಲ್ಲ ಸೇರಿ ವರ್ಷಕ್ಕೆ 4,800. ಏಪ್ರಿಲ್‌ನಲ್ಲೇ ಕಟ್ಟಿದರೆ ಶೇಕಡಾ 5 ರಿಯಾಯಿತಿ. ಜೂನ್ ದಾಟಿದರೆ ತಿಂಗಳಿಗೆ ಶೇಕಡಾ 2 ದಂಡ. ಮರೆಯುವುದು ಸುಲಭ, ಯಾಕಂದರೆ ಬ್ಯಾಂಕಿನವರ ಹಾಗೆ ಇವರು ತಿಂಗಳು ತಿಂಗಳು ನೆನಪಿಸುವುದಿಲ್ಲ. ಹಳೇ ಬಾಕಿ ಇದ್ದರೆ ಅದು ಮನೆಯ ಜೊತೆಗೇ ನಿನ್ನ ತಲೆಗೆ ಬರುತ್ತದೆ. ಹಾಗಾಗಿ ನೋಂದಣಿಗೆ ಮುಂಚೆ ತೆರಿಗೆ ಕಟ್ಟಿದ ರಸೀದಿ ಕೇಳು, ನಿನ್ನ ಫ್ಲಾಟಿನದೇ ಪ್ರತ್ಯೇಕ ಇ-ಖಾತೆ ಆಗಿದೆಯಾ ನೋಡು.

ಈಗ ನಿನ್ನ ಲೆಕ್ಕ. ಮೇಂಟೆನೆನ್ಸ್ ಅನ್ನು 2 ಅಲ್ಲ, 3 ರೂಪಾಯಿ ಅಂತಲೇ ಹಿಡಿ, 3,450. ತೆರಿಗೆಗೆ 400. ಮನೆಯೊಳಗಿನ ಗೀಸರ್, ನಲ್ಲಿ, ಬಾತ್‌ರೂಮಿನ ಸೋರಿಕೆ, ಐದಾರು ವರ್ಷಕ್ಕೊಮ್ಮೆ ಬಣ್ಣ ಇವಕ್ಕೆ 2 ಸಾವಿರ ಬೇರೆ ಇಡು. ಒಟ್ಟು 5,850. ಕಂತಿನ ಜೊತೆ ಸೇರಿಸಿದರೆ 32,850. ಕಂತಾದರೂ ಇಪ್ಪತ್ತು ವರ್ಷಕ್ಕೆ ಮುಗಿಯುತ್ತದೆ, ಇದು ಮುಗಿಯುವುದಿಲ್ಲ, ಏರುತ್ತಲೇ ಇರುತ್ತದೆ. ಈ ಮೊತ್ತ ಕಷ್ಟ ಅನಿಸಿದರೆ ಸಾಲವನ್ನೇ ಸ್ವಲ್ಪ ಕಡಿಮೆ ಮಾಡು. ಸಾಲ ಬಿಟ್ಟು ನೀನು ಕೈಯಿಂದ ಹಾಕುವ ಹಣಕ್ಕೆ ನಾವು ಸ್ವಲ್ಪ ಸೇರಿಸುತ್ತೇವೆ, ಸಂಕೋಚ ಬೇಡ.

ಬಿಲ್ಡರಿನ ಹತ್ತಿರ ಒಂದು ವಿಷಯ ಬರಹದಲ್ಲಿ ಕೇಳು. ಎರಡು ವರ್ಷದ ಮೇಂಟೆನೆನ್ಸ್ ಅಂತ ಮುಂಗಡ ತೆಗೆದುಕೊಳ್ಳುವ 55,200 ಮತ್ತು ದೊಡ್ಡ ಖರ್ಚಿಗೆ ಅಂತ ಕೂಡಿಡುವ ಕಾರ್ಪಸ್ ಹಣ ಸಂಘದ ಖಾತೆಗೆ ಯಾವಾಗ ಬರುತ್ತದೆ, ಆವರೆಗಿನ ಲೆಕ್ಕ ಕೊಡುತ್ತಾರಾ ಅಂತ. ಮುಂಗಡ ಕೊಟ್ಟಿರುತ್ತೇವಲ್ಲ, ಎರಡು ವರ್ಷ ಯಾರೂ ಖರ್ಚನ್ನು ಕೇಳುವುದೇ ಇಲ್ಲ.

ನೀನು ಆರಿಸಿರುವುದು ಮೇಲಿನ ಮಹಡಿ. ಅದಕ್ಕೇ ಅಡ್ವಾನ್ಸ್ ಕೊಡುವ ಮುಂಚೆ ಶನಿವಾರ ನಾವಿಬ್ಬರೂ ಬರುತ್ತೇವೆ. ತಾರಸಿಯ ಬೀಗದ ಕೈ ಕೇಳಿಟ್ಟಿರು. ಅಪ್ಪ ಪೈಪಿನ ಬಾಯಿ ನೋಡುತ್ತಾರೆ, ನಾನು ಪ್ಯಾರಾಪೆಟ್ಟಿನ ಮೂಲೆಗಳನ್ನು ನೋಡುತ್ತೇನೆ.

ನಿನ್ನ
ಅಮ್ಮ