ಶಾಸಕರೇ, ಈ ಸಲ ಅಳೆಯುವ ಟೇಪು ತನ್ನಿ

ಮಾನ್ಯ ಶಾಸಕರಿಗೆ,

ನಮಸ್ಕಾರ. ಹೋದ ವರ್ಷ ಯೋಜನೆಯ ನಕ್ಷೆಯಂತೆ, ಸಂಘದ ಸಾಲದಲ್ಲಿ ಕಟ್ಟಿದ ನಮ್ಮ ಕೋಳಿ ಶೆಡ್ಡಿನ ಟೇಪು ಕತ್ತರಿಸಿದ್ದು ನೀವೇ. ಒಂದು ಮರಿಯನ್ನು ಅಂಗೈ ಮೇಲೆ ಕೂರಿಸಿಕೊಂಡು ಫೋಟೋ ಕೂಡ ತೆಗೆಸಿಕೊಂಡಿರಿ. ಆ ಮರಿಗಳ ಗತಿ ಏನಾಯಿತೆಂದು ಮೂರು ಅರ್ಜಿ ಬರೆದೆ. ಒಂದಕ್ಕೂ ಉತ್ತರವಿಲ್ಲ. ಅದಕ್ಕೇ ಈ ಕಾಗದ ಎಲ್ಲರೂ ಓದಲಿ ಅಂತ.

ನಕ್ಷೆ ಮಂಜೂರು ಮಾಡಿದವರಿಗೆ ನಿಯಮ ಗೊತ್ತಿರುತ್ತದೆ ಅಂದುಕೊಂಡಿದ್ದೆ. ಶೆಡ್ಡು 20 ಅಡಿ ಉದ್ದ, 15 ಅಡಿ ಅಗಲ. ಕೊಟ್ಟ ಕೋಳಿ 300. ಅಂದರೆ ತಲೆಗೆ ಒಂದು ಚದರ ಅಡಿ. ಇದು ಆರು ವಾರಕ್ಕೆ ಕೊಯ್ಯುವ ಬ್ರಾಯ್ಲರ್ ಲೆಕ್ಕ ಸ್ವಾಮಿ. ನೆಲದ ಮೇಲೆ ವರ್ಷಗಟ್ಟಲೆ ಇರುವ ಮೊಟ್ಟೆ ಕೋಳಿಗೆ ಎರಡು ಅಡಿಯಾದರೂ ಬೇಕು.

ಒಂದನ್ನೊಂದು ಕುಕ್ಕುವ ಚಟ ಶುರುವಾಗಿದ್ದು ಬಾಲದಿಂದ. ಹದಿನೈದನೇ ವಾರಕ್ಕೆ ಬಾಲದ ಬುಡದ ಪುಕ್ಕ ಒಂದೊಂದೇ ಮಾಯವಾಯಿತು. ಪುಕ್ಕ ಉದುರುವ ಕಾಲವಿರಬೇಕು ಎಂದು ಸುಮ್ಮನಾದೆ. ಆದರೆ ಉದುರಿದ ಪುಕ್ಕ ನೆಲದ ಮೇಲೆ ಕಾಣಲಿಲ್ಲ, ಅವೇ ತಿನ್ನುತ್ತಿದ್ದವು. ಆಗಲೇ ನನಗೆ ತಿಳಿಯಬೇಕಿತ್ತು.

ಇಪ್ಪತ್ತೊಂದನೇ ವಾರ, ಮೊಟ್ಟೆ ಶುರುವಾದ ಮೇಲೆ, ಒಂದು ಬೆಳಿಗ್ಗೆ ಬಾಗಿಲು ತೆಗೆದೆ. ಮೂಲೆಯಲ್ಲಿ ಒಂದು ಕೋಳಿ ನಿಂತಿತ್ತು, ಅದರ ಹಿಂದೆ ಏಳೆಂಟು. ಕರುಳು ಹಗ್ಗದ ಹಾಗೆ ಹೊರಗೆ ಜೋತಿತ್ತು, ಇನ್ನೊಂದು ಅದನ್ನು ಎಳೆದುಕೊಂಡು ಓಡುತ್ತಿತ್ತು. ಅದು ಇನ್ನೂ ಸತ್ತಿರಲಿಲ್ಲ. ಆವತ್ತು ನಮ್ಮ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಆ ತಿಂಗಳಲ್ಲಿ 71 ಹೋದವು. ಸಂಘದ ಸಾಲ ಮಾತ್ರ ಒಂದು ರೂಪಾಯಿಯೂ ಹೋಗಿಲ್ಲ.

ಮೊಟ್ಟೆ ಇಡುವಾಗ ಕೋಳಿಯ ಹಿಂಭಾಗ ಕ್ಷಣಹೊತ್ತು ಕೆಂಪಗೆ ಒದ್ದೆಯಾಗಿ ಹೊರಬರುತ್ತದೆ. ಆ ಕೆಂಪು ಕಂಡರೆ ಉಳಿದವು ಕುಕ್ಕುತ್ತವೆ. ಕತ್ತಲೆಯ ಗೂಡಿನೊಳಗೆ ಇಟ್ಟರೆ ಅದು ಯಾರಿಗೂ ಕಾಣುವುದಿಲ್ಲ. ಐದು ಕೋಳಿಗೆ ಒಂದು ಗೂಡು ಬೇಕು, ಅಂದರೆ 60. ನಕ್ಷೆಯಲ್ಲಿದ್ದದ್ದು 12! ಉಳಿದವು ನೆಲದ ಮೇಲೆ, ಬೆಳಕಿನಲ್ಲೇ ಇಡುತ್ತಿದ್ದವು. ಬೆಳಕೋ, ರಾತ್ರಿಯೆಲ್ಲ ಎರಡು ದೊಡ್ಡ ಎಲ್‌ಇಡಿ. ಬೆಳಕಿದ್ದರೆ ಮೊಟ್ಟೆ ಜಾಸ್ತಿ ಎಂದು ಹೇಳಿ ಹಾಕಿಸಿದ್ದರು. ಹಗಲು ಸೇರಿ 16 ತಾಸು ಸಾಕು, ಅದೂ ಮಂದವಾಗಿ. ಪ್ರಖರ ಬೆಳಕಿನಲ್ಲಿ ಚೂರು ರಕ್ತ ಕಂಡರೂ ಮುಗೀತು. ತಗಡಿನ ತೂತಿನಿಂದ ಬಿಸಿಲು ಬೀಳುವ ಜಾಗದಲ್ಲೇ ಜಗಳ ಮೊದಲು ಹತ್ತುತ್ತಿತ್ತು, ಕಣ್ಣಾರೆ ನೋಡಿದ್ದೇನೆ.

ಪರಿಶೀಲನೆಗೆ ಬಂದವರು ಏನು ಹೇಳಿದರು ಕೇಳಿ. “ಪಂಜರದಲ್ಲಿ 550 ಚದರ ಸೆಂಟಿಮೀಟರ್ ಸಾಕು ಅಂತ 2023ರ ನಿಯಮವೇ ಇದೆಯಮ್ಮಾ, ನಿಮಗೆ ಅದಕ್ಕಿಂತ ಜಾಸ್ತಿ ಕೊಟ್ಟಿದ್ದೇವೆ.” ಪಂಜರದೊಳಗೆ ಇರುವುದು ಕೆಲವೇ ಕೋಳಿ. ಒಂದಕ್ಕೆ ಚಟ ಹತ್ತಿದರೆ ಹಾಳಾಗುವುದು ಅಷ್ಟೇ. ನನ್ನ ನೆಲದ ಮೇಲೆ ಒಂದು ಕಲಿತದ್ದನ್ನು ಮುನ್ನೂರೂ ಕಲಿತವು. ಆಮೇಲೆ ಕೊಕ್ಕು ಸುಡಲು ಒಬ್ಬನನ್ನು ಕಳಿಸಿದರು. ಹತ್ತು ದಿನದ ಮರಿಗೆ ಅಳತೆ ನೋಡಿ ಮಾಡುವ ಕೆಲಸವನ್ನು, ಮೊಟ್ಟೆ ಇಡುವ ಕೋಳಿಗೆ ಕಾದ ಕತ್ತಿಯಿಂದ ಮಾಡಿದ. ನೋವಿಗೆ ಒಂಬತ್ತು ಕೋಳಿ ಮೇವು ಬಿಟ್ಟು ಸತ್ತವು. ದಾಖಲೆಯಲ್ಲಿ ಬರೆದ ಕಾರಣ: “ಮುಂಗುಸಿ ದಾಳಿ”.

ಇನ್ನು ಫೀಡು. ಯೋಜನೆಯ ಅಂಗಡಿಯದೇ ಕೊಳ್ಳಬೇಕು ಅಂದರು, ಕೊಂಡೆ. ಬಾಯಿಗೆ ಹಾಕಿಕೊಂಡು ನೋಡಿದರೆ ಸಪ್ಪೆ. ಉಪ್ಪು ಕಡಿಮೆಯಾದರೂ, ಸೋಯಾ ಹಿಂಡಿ ಉಳಿಸಿ ಜೋಳ ತುಂಬಿದರೂ, ಪುಕ್ಕಕ್ಕೆ ಬೇಕಾದ ಸತ್ವ ಸಿಗದೆ ಕೋಳಿ ಪುಕ್ಕವನ್ನೇ ಹುಡುಕುತ್ತದೆ. ನನ್ನ ನಾಲಗೆ ಪ್ರಯೋಗಾಲಯವಲ್ಲ, ಒಪ್ಪುತ್ತೇನೆ. ಅದಕ್ಕೇ ಕೇಳುತ್ತಿರುವುದು, ಆ ಫೀಡಿನ ಮಾದರಿ ಪರೀಕ್ಷೆ ಮಾಡಿಸಿ.

ಕೊನೆಗೆ ನಾವೇ ದಾರಿ ಹುಡುಕಿಕೊಂಡೆವು. ಗಾಯವಾದವನ್ನು ಬೇರೆ ಮಾಡಿ, ಅರ್ಧ ಕೋಳಿಗಳನ್ನು ದನದ ಕೊಟ್ಟಿಗೆಗೆ ಸಾಗಿಸಿದೆವು. ಒಂದು ದೀಪ ತೆಗೆದು, ಇನ್ನೊಂದಕ್ಕೆ ಕೆಂಪು ಕಾಗದ ಸುತ್ತಿ ಬೇಗ ಆರಿಸಿದೆವು. ಕೆದಕಲೆಂದು ಭತ್ತದ ಹೊಟ್ಟು ದಪ್ಪಗೆ ಹಾಸಿ, ಅಗಸೆ ಸೊಪ್ಪಿನ ಕಟ್ಟುಗಳನ್ನು ತಲೆಯೆತ್ತಿ ಕುಕ್ಕುವ ಎತ್ತರಕ್ಕೆ ತೂಗಿಹಾಕಿದೆವು. ಸಾವು ನಿಂತಿತು. ಆದರೆ ಕಲಿತ ಚಟ ಪೂರ್ತಿ ಹೋಗಲಿಲ್ಲ, ಈಗಲೂ ಅರ್ಧಕ್ಕರ್ಧ ಕೋಳಿಗಳ ಬೆನ್ನು ಬೋಳು.

ಮುಂದಿನ ಕಂತಿನಲ್ಲಿ ಪಕ್ಕದ ಊರಿನ ಹೆಣ್ಣುಮಕ್ಕಳಿಗೂ ಇದೇ ನಕ್ಷೆ ಕೊಡುತ್ತಾರಂತೆ. ಅದಕ್ಕೆ ಮೊದಲು ತಲೆಗೆ ಎರಡು ಅಡಿ ಎಂದು ನಕ್ಷೆ ತಿದ್ದಿಸಿ. ಫೀಡು ಪರೀಕ್ಷೆ ಮಾಡಿಸಿ. ಮುಂಗುಸಿಯ ಹೆಸರು ದಾಖಲೆಯಿಂದ ತೆಗೆಸಿ, ಪಾಪದ ಪ್ರಾಣಿ, ನಮ್ಮ ಶೆಡ್ಡಿನ ಹತ್ತಿರವೂ ಸುಳಿದಿಲ್ಲ. ಮತ್ತೆ ಹೇಳುತ್ತೇನೆ, ಎರಡು ಅಡಿ. ಹೊಸ ಶೆಡ್ಡಿನ ಉದ್ಘಾಟನೆಗೆ ಬರುವಾಗ ಕತ್ತರಿಸುವ ಟೇಪು ಅವರೇ ತರುತ್ತಾರೆ, ನೀವು ಅಳೆಯುವ ಟೇಪು ತನ್ನಿ.

ಇಂತಿ,
ನಿಮ್ಮ ಕ್ಷೇತ್ರದ ಮತದಾರಳು, ಸಂಘದ ಸಾಲಗಾರಳು