ಇಪ್ಪತ್ತೂವರೆ ಮೈಲು ದೂರದ ಆ ದೋಣಿ

ಕಾರವಾರ

ಚಿ. ವಸುಧಾಳಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಶಿರಸಿಯಿಂದ ನಿನ್ನಮ್ಮ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ಮೊನ್ನೆ ಬಂದು ತಲುಪಿತು. ಅದರ ಜೊತೆಗಿದ್ದ ನಿನ್ನ ಮೂಟ್ ಕೋರ್ಟ್ ಮೆಮೋರಿಯಲ್ ಅನ್ನು, ಅಂದರೆ ಅಣಕು ನ್ಯಾಯಾಲಯಕ್ಕೆ ನೀನು ಬರೆದ ವಾದಪತ್ರವನ್ನು, ಎರಡು ಸಲ ಓದಿದೆ. ಶ್ರಮಪಟ್ಟು ಬರೆದಿದ್ದೀಯ. ಆದರೆ ಮೊದಲ ಪುಟದಲ್ಲೇ ಒಂದು ವಾಕ್ಯ ಇದೆ: "ತೀರದಿಂದ 200 ಮೈಲಿನವರೆಗಿನ ಸಮುದ್ರ ಭಾರತದ್ದು." ಇದನ್ನು ಹಾಗೇ ಬಿಟ್ಟು ವಾದಕ್ಕೆ ನಿಲ್ಲಬೇಡ. ಆ ಒಂದೇ ವಾಕ್ಯದಲ್ಲಿ ಎರಡು ತಪ್ಪುಗಳಿವೆ, ಎರಡೂ ನಾನು ಒಂದು ಕಾಲದಲ್ಲಿ ಮಾಡಿದವು.

ಮೊದಲನೆಯದು "ತೀರದಿಂದ" ಎನ್ನುವ ಮಾತು. ನಾನು ಇಲ್ಲಿ ವಕೀಲಿ ಶುರು ಮಾಡಿದ ಹೊಸತು. ಹೊರಗಿನ ಒಂದು ಟ್ರಾಲ್ ಬೋಟು ನಮ್ಮ ಕಡೆಯವರ ಬಲೆ ಹರಿದ ಗಲಾಟೆ ಕೋರ್ಟಿಗೆ ಬಂತು. ನಾನು ಟ್ರಾಲ್ ಬೋಟಿನ ಪರ. ಬೈತಖೋಲ ಜೆಟ್ಟಿಯಿಂದ ಆ ಜಾಗಕ್ಕೆ ಹದಿನಾಲ್ಕು ಮೈಲು ದೂರ ಎಂದು ಲೆಕ್ಕ ಹಾಕಿ, ಇದು 12 ಮೈಲಿನ ಆಚೆ, ರಾಜ್ಯದ ಮೀನುಗಾರಿಕೆ ಕಾನೂನು ಇಲ್ಲಿ ನಡೆಯುವುದಿಲ್ಲ ಎಂದು ಜೋರಾಗಿ ವಾದಿಸಿದೆ. ಎದುರಿನ ವಕೀಲರು ಹಿರಿಯರು. ಏನೂ ಮಾತಾಡದೆ ಮೇಜಿನ ಮೇಲೆ ನೌಕಾಪಟ, ಅಂದರೆ ಸಮುದ್ರದ ನಕ್ಷೆ, ಹರಡಿದರು. ಕಂಪಾಸಿನ ಒಂದು ಮೊನೆಯನ್ನು ಜೆಟ್ಟಿಯ ಮೇಲಲ್ಲ, ಎದುರಿಗಿರುವ ನಡುಗಡ್ಡೆಯ ಹೊರ ಅಂಚಿನ ಮೇಲೆ ಇಟ್ಟರು. ಇನ್ನೊಂದು ಮೊನೆ ಹನ್ನೊಂದೂವರೆ ಮೈಲಿಗೇ ಆ ಜಾಗವನ್ನು ಮುಟ್ಟಿತು. ನನ್ನ ಕಕ್ಷಿದಾರ ಸೋತ. ಸಂಜೆ ಅವನ ಮುಖ ನೋಡಲು ನನಗೆ ಆಗಲಿಲ್ಲ.

ಸಮುದ್ರದ ಕಾನೂನಿನಲ್ಲಿ ಪ್ರತಿ ಅಳತೆಯೂ ಶುರುವಾಗುವುದು ಬೇಸ್‌ಲೈನಿನಿಂದ. ಸಾಮಾನ್ಯವಾಗಿ ಇಳಿತದ ಸಮಯದಲ್ಲಿ ನೀರು ಎಲ್ಲಿಯವರೆಗೆ ಹಿಂದೆ ಸರಿಯುತ್ತದೋ ಆ ಗೆರೆಯೇ ಬೇಸ್‌ಲೈನ್. ನಡುಗಡ್ಡೆಗೂ ತನ್ನದೇ ಗೆರೆ ಇರುತ್ತದೆ. ತೀರ ತುಂಬ ಒಳಸರಿದಿರುವ ಕಡೆ, ನಡುಗಡ್ಡೆಗಳ ಸಾಲು ಹತ್ತಿರವಿರುವ ಕಡೆ, ಹೊರಗಿನ ಬಿಂದುಗಳನ್ನು ಸೇರಿಸಿ ನೇರ ಗೆರೆ ಎಳೆಯಬಹುದು. ಭಾರತ ಅಂಥ ನೇರ ಬೇಸ್‌ಲೈನುಗಳನ್ನು 2009ರಲ್ಲಿ ಅಧಿಸೂಚನೆ ಹೊರಡಿಸಿ ಪ್ರಕಟಿಸಿತು. ಹಾಗಾಗಿ ಬೋಟಿನ ಜಿಪಿಎಸ್ "ಬಂದರಿನಿಂದ ಇಷ್ಟು ದೂರ" ಎಂದು ತೋರಿಸಿದರೆ ಅದು ಬೋಟು ನಡೆಸುವ ತಾಂಡೇಲನಿಗೆ ಡೀಸೆಲ್ ಲೆಕ್ಕಕ್ಕೆ ಸಾಕು, ನ್ಯಾಯಾಲಯಕ್ಕೆ ಸಾಲದು. ಮೈಲು ಎಂದರೂ ರಸ್ತೆಯ ಮೈಲಲ್ಲ, 1,852 ಮೀಟರಿನ ನಾಟಿಕಲ್ ಮೈಲು. ಮೆಮೋರಿಯಲ್‌ನಲ್ಲಿ ಬಿಡಿಸಿ ಬರೆ.

ಎರಡನೆಯ ತಪ್ಪು "ಭಾರತದ್ದು" ಎನ್ನುವ ಪದ. ಇದು ಇನ್ನೂ ದೊಡ್ಡದು. ಇದಕ್ಕೆ ಎನ್ರಿಕಾ ಲೆಕ್ಸಿ ಪ್ರಕರಣವನ್ನೇ ಹಿಡಿದು ಮಾತಾಡುತ್ತೇನೆ. ನೀನು ಅದನ್ನು ಅಡಿಟಿಪ್ಪಣಿಗೆ ತಳ್ಳಿದ್ದೀಯ, ಆದರೆ ನಿನ್ನ ವಾದದ ಬೆನ್ನೆಲುಬೇ ಅದು.

2012ರ ಫೆಬ್ರವರಿ 15ರ ಸಂಜೆ. ಕೇರಳದ ಎದುರು, ಬೇಸ್‌ಲೈನಿನಿಂದ ಸುಮಾರು 20.5 ಮೈಲು ದೂರ. ಸೇಂಟ್ ಆಂಟನಿ ಎಂಬ ಮೀನುದೋಣಿಯಲ್ಲಿ ಹನ್ನೊಂದು ಜನ ಇದ್ದರು. ಇಟಲಿಯ ಧ್ವಜ ಹಾರಿಸಿಕೊಂಡು ಎನ್ರಿಕಾ ಲೆಕ್ಸಿ ಎಂಬ ತೈಲ ಹಡಗು ಆ ದಾರಿಯಲ್ಲಿ ಬಂತು. ಕಡಲ್ಗಳ್ಳರ ಭಯಕ್ಕೆ ಆ ಹಡಗಿನಲ್ಲಿ ಇಟಲಿಯ ನೌಕಾಪಡೆಯ ಸೈನಿಕರಿದ್ದರು. ಅವರು ಗುಂಡು ಹಾರಿಸಿದರು. ಚುಕ್ಕಾಣಿ ಹಿಡಿದಿದ್ದ ಒಬ್ಬರು, ಮುಂಭಾಗದಲ್ಲಿದ್ದ ಇನ್ನೊಬ್ಬರು ಸತ್ತರು. ಹಡಗನ್ನು ಕೊಚ್ಚಿಗೆ ಕರೆಸಲಾಯಿತು, ಕೇರಳ ಪೊಲೀಸರು ಇಬ್ಬರು ಸೈನಿಕರನ್ನು ಬಂಧಿಸಿದರು. ಬಲೆ ಬಿಡಲು ಹೋದ ನಮ್ಮ ಖಾರ್ವಿ ಹುಡುಗರನ್ನು ಆ ದೋಣಿಯಲ್ಲಿ ಕಲ್ಪಿಸಿಕೊಂಡು ನಾನು ಆ ದಿನಗಳಲ್ಲಿ ಪೇಪರ್ ಓದುತ್ತಿದ್ದೆ. ಈಗ ಓದಿದರೂ ಹೊಟ್ಟೆ ಕಲಸುತ್ತದೆ.

20.5 ಎನ್ನುವ ಸಂಖ್ಯೆಯನ್ನು ಗಮನವಿಟ್ಟು ನೋಡು. 12 ಮೈಲಿನ ಒಳಗೆ ಆಗಿದ್ದರೆ ಅದು ಪ್ರಾದೇಶಿಕ ಸಮುದ್ರ. 1976ರ ನಮ್ಮ ಸಾಗರ ವಲಯಗಳ ಕಾಯ್ದೆ ಹೇಳುವಂತೆ ಅಲ್ಲಿ ನೀರು, ತಳ, ಮೇಲಿನ ಆಕಾಶ ಎಲ್ಲದರ ಮೇಲೂ ಭಾರತಕ್ಕೆ ಪೂರ್ಣ ಸಾರ್ವಭೌಮತ್ವ. ಪರದೇಶದ ಹಡಗಿಗೆ ಅಲ್ಲಿರುವುದು ಯಾರಿಗೂ ತೊಂದರೆ ಕೊಡದೆ ಹಾದುಹೋಗುವ ಹಕ್ಕು ಮಾತ್ರ. ಈ ಘಟನೆ ಅದರ ಆಚೆ. 24 ಮೈಲಿನ ಒಳಗೇ ಇತ್ತು, ಅಂದರೆ ಪ್ರಾದೇಶಿಕ ಸಮುದ್ರಕ್ಕೆ ತಾಗಿದ ವಲಯದಲ್ಲಿ. ಆದರೆ 1982ರ ಅಂತರರಾಷ್ಟ್ರೀಯ ಸಮುದ್ರ ಕಾನೂನು ಒಪ್ಪಂದದ 33ನೇ ವಿಧಿಯ ಪ್ರಕಾರ ಅಲ್ಲಿ ಕರಾವಳಿ ದೇಶಕ್ಕೆ ಇರುವುದು ಸುಂಕ, ತೆರಿಗೆ, ವಲಸೆ, ನೈರ್ಮಲ್ಯ ಈ ನಾಲ್ಕರ ಮೇಲಿನ ನಿಯಂತ್ರಣ. ನಮ್ಮ ಕಾಯ್ದೆ ಭದ್ರತೆಯನ್ನೂ ಸೇರಿಸಿದೆ, ಒಪ್ಪಂದದಲ್ಲಿ ಅದು ಇಲ್ಲ. ಎದುರು ಪಕ್ಷ ಇಲ್ಲಿ ಕೈಹಾಕುತ್ತದೆ, ತಯಾರಾಗಿರು. ಉಳಿದದ್ದು ಇಇಝಡ್, ಅಂದರೆ 200 ಮೈಲಿನ ಅನನ್ಯ ಆರ್ಥಿಕ ವಲಯ. ಅಲ್ಲಿ ನಮ್ಮದು ಮೀನು, ಎಣ್ಣೆ, ಖನಿಜ, ಗಾಳಿ-ಅಲೆಗಳಿಂದ ತೆಗೆಯುವ ವಿದ್ಯುತ್ತು, ಇಂಥವುಗಳ ಮೇಲಿನ ಹಕ್ಕು. ನೀರು ನಮ್ಮದಲ್ಲ. ಅಲ್ಲಿ ಹಡಗು ಓಡಿಸಲು ಯಾವ ದೇಶವೂ ನಮ್ಮನ್ನು ಕೇಳಬೇಕಿಲ್ಲ.

2013ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹಿಡಿದು, ಕೇರಳ ಪೊಲೀಸರ ಅಧಿಕಾರ 12 ಮೈಲಿಗೆ ಮುಗಿಯಿತು, ಮುಂದಿನದು ಕೇಂದ್ರದ ಕೆಲಸ ಎಂದಿತು. ನನ್ನ ಟ್ರಾಲ್ ಬೋಟಿನ ಕೇಸಿನಲ್ಲಿ ನಾನು ಹೇಳಹೊರಟಿದ್ದ ತತ್ವವೂ ಅದೇ, ಅಳತೆ ತಪ್ಪಿತ್ತು ಅಷ್ಟೇ.

ಆಮೇಲೆ ವಿವಾದ ಅದೇ 1982ರ ಒಪ್ಪಂದದ ಕೆಳಗೆ ರಚಿಸಿದ ಪಂಚಾಯ್ತಿ ನ್ಯಾಯಮಂಡಳಿಯ ಮುಂದೆ ಹೋಯಿತು. ತೀರ್ಪು ಬಂದಿದ್ದು 2020ರ ಮೇ 21ಕ್ಕೆ. ನೀನು ಕೂತು ಓದಬೇಕಾದ ಭಾಗ ಇದು.

ಭಾರತ ಹಲವು ವಾದ ಹೂಡಿತ್ತು. ಅದರಲ್ಲಿ ಒಂದು, ನಮ್ಮ ಇಇಝಡ್‌ನಲ್ಲಿ ನಮ್ಮ ಮೀನುಗಾರರ ಮೇಲೆ ಗುಂಡು ಹಾರಿಸಿದ್ದರಿಂದ 56ನೇ ವಿಧಿಯ ನಮ್ಮ ಹಕ್ಕಿಗೆ ಧಕ್ಕೆ ಬಂತು ಎಂದು. ನ್ಯಾಯಮಂಡಳಿ ಒಪ್ಪಲಿಲ್ಲ. ಆ ಹಕ್ಕು ಸಂಪತ್ತಿಗೆ ಸಂಬಂಧಿಸಿದ್ದು. ಸೈನಿಕರು ದೋಣಿಯನ್ನು ಕಡಲ್ಗಳ್ಳರದ್ದೆಂದು ಬಗೆದು ಗುಂಡು ಹಾರಿಸಿದರು, ಮೀನು ಹಿಡಿಯುವುದನ್ನು ತಡೆಯಲು ಅಲ್ಲ. ಇನ್ನೊಂದು ವಾದ, ಗುಂಡಿನಿಂದಾಗಿ ಸೇಂಟ್ ಆಂಟನಿ ತನ್ನ ದಾರಿ ಬಿಟ್ಟು ವಾಪಸಾಗಬೇಕಾಯಿತು, ಇದು ನೌಕಾಯಾನ ಸ್ವಾತಂತ್ರ್ಯದ ಮೇಲಿನ ಹೊಡೆತ ಎಂದು. ಇದು ಗೆದ್ದಿತು. 87 ಮತ್ತು 90ನೇ ವಿಧಿಗಳನ್ನು ಇಟಲಿ ಮುರಿದಿದೆ, ಸಾವಿಗೆ, ಗಾಯಕ್ಕೆ, ದೋಣಿಗಾದ ಹಾನಿಗೆ, ಉಳಿದವರ ಮನೋವೇದನೆಗೆ ಪರಿಹಾರ ಕೊಡಬೇಕು ಎಂದು ತೀರ್ಪಾಯಿತು.

ಅರ್ಥವಾಯಿತಾ ವಸುಧಾ? ಕ್ಲಾಸಿನಲ್ಲಿ ಇಇಝಡ್ ಎಂದರೆ ನಮ್ಮ ಮೀನುಗಾರನ ರಕ್ಷಣೆ, ನೌಕಾಯಾನ ಸ್ವಾತಂತ್ರ್ಯ ಎಂದರೆ ದೊಡ್ಡ ದೇಶಗಳ ಹಡಗಿನ ಅನುಕೂಲ ಎಂದು ಹೇಳಿಕೊಡುತ್ತಾರೆ. ನಿನ್ನ ಮೆಮೋರಿಯಲ್ ಪೂರ್ತಿ ಹಾಗೇ ಇದೆ. ಇಲ್ಲಿ ಆಗಿದ್ದು ಬೇರೆ. ಇಬ್ಬರು ಬಡ ಮೀನುಗಾರರಿಗೆ ನ್ಯಾಯ ಎಂದು ಏನಾದರೂ ಸಿಕ್ಕಿದ್ದರೆ ಅದು ಸಿಕ್ಕಿದ್ದು ನೌಕಾಯಾನ ಸ್ವಾತಂತ್ರ್ಯದ ಬಾಗಿಲಿನಿಂದ. ಆ ಸ್ವಾತಂತ್ರ್ಯ ಎಲ್ಲ ದೇಶಗಳದ್ದು ಎಂದು 58ನೇ ವಿಧಿ ಹೇಳುತ್ತದೆ. ಎಲ್ಲ ದೇಶ ಎಂದಮೇಲೆ ಭಾರತವೂ ಬಂತಲ್ವಾ? ಸಣ್ಣ ಮರದ ದೋಣಿಯೂ ಹಡಗೇ.

ತೀರ್ಪು ಪೂರ್ತಿ ನಮ್ಮ ಪರ ಇರಲಿಲ್ಲ, ಅದನ್ನು ಮುಚ್ಚಿಡಬೇಡ. ಗುಂಡು ಒಂದು ದೇಶದ ಹಡಗಿನಿಂದ ಹೊರಟು ಇನ್ನೊಂದು ದೇಶದ ದೋಣಿಯಲ್ಲಿ ಜೀವ ತೆಗೆದದ್ದರಿಂದ ಎರಡೂ ದೇಶಗಳಿಗೆ ವಿಚಾರಣೆಯ ಹಕ್ಕು ಹುಟ್ಟುತ್ತದೆ ಎಂಬುದನ್ನು ಮಂಡಳಿ ಮಾನ್ಯ ಮಾಡಿತು. ಭಾರತ ಒಪ್ಪಂದ ಮುರಿದಿದೆ ಎಂಬ ಇಟಲಿಯ ದೂರನ್ನು ತಳ್ಳಿಹಾಕಿತು. ಆದರೂ ಆ ಸೈನಿಕರು ಸರ್ಕಾರದ ಕೆಲಸದ ಮೇಲಿದ್ದವರು, ಅವರಿಗೆ ವಿನಾಯಿತಿ ಇದೆ, ಭಾರತ ಅವರನ್ನು ವಿಚಾರಣೆ ಮಾಡುವಂತಿಲ್ಲ ಎಂದಿತು. ಐವರಲ್ಲಿ ಮೂವರು ಹೀಗೆ ಹೇಳಿದರು, ಇಬ್ಬರು ಒಪ್ಪಲಿಲ್ಲ. ಒಪ್ಪದವರ ಅಭಿಪ್ರಾಯವನ್ನೂ ಓದು. ನನಗೆ ಅವರದ್ದೇ ಸರಿ ಎನ್ನಿಸುತ್ತದೆ. ಒಪ್ಪಂದದಲ್ಲೇ ಇಲ್ಲದ ವಿನಾಯಿತಿಯ ಪ್ರಶ್ನೆಯನ್ನು ಆ ಮಂಡಳಿ ತೀರ್ಮಾನಿಸಬಹುದಿತ್ತೇ ಎಂಬುದು ಇನ್ನೂ ಚರ್ಚೆಯ ವಿಷಯ. ಕೊನೆಗೆ ಇಟಲಿ 10 ಕೋಟಿ ರೂಪಾಯಿ ಕಟ್ಟಿತು. ಸತ್ತವರ ಕುಟುಂಬಗಳಿಗೆ ತಲಾ ನಾಲ್ಕು ಕೋಟಿ, ದೋಣಿಯ ಮಾಲೀಕರಿಗೆ ಎರಡು ಕೋಟಿ. 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಇಲ್ಲಿನ ಕೇಸು ಮುಗಿಸಿತು.

ನೌಕಾಯಾನ ಸ್ವಾತಂತ್ರ್ಯದ ಇನ್ನೊಂದು ಮುಖವನ್ನೂ ಮೆಮೋರಿಯಲ್‌ನಲ್ಲಿ ಒಂದು ಪ್ಯಾರಾದಲ್ಲಿ ತಾ. 2021ರ ಏಪ್ರಿಲ್ 7ರಂದು ಅಮೆರಿಕದ ಜಾನ್ ಪಾಲ್ ಜೋನ್ಸ್ ಎಂಬ ಯುದ್ಧನೌಕೆ ಲಕ್ಷದ್ವೀಪದಿಂದ ಪಶ್ಚಿಮಕ್ಕೆ ಸುಮಾರು 130 ಮೈಲು ದೂರದಲ್ಲಿ, ನಮ್ಮ ಇಇಝಡ್ ಒಳಗೆ, ನಮ್ಮ ಅನುಮತಿ ಕೇಳದೆ ಓಡಾಡಿ, ಅದನ್ನು ಊರಿಗೆಲ್ಲ ಸಾರಿತು. ಜನ ಕೆರಳಿದರು. ಆದರೆ ಸುಮ್ನೆ ಹಾದುಹೋಗುವುದಕ್ಕೆ ಭಾರತ ಆಕ್ಷೇಪಣೆ ಮಾಡುವುದಿಲ್ಲ. 1995ರಲ್ಲಿ ಒಪ್ಪಂದ ಅನುಮೋದಿಸುವಾಗ ಭಾರತ ಹೇಳಿದ್ದು, ಇಇಝಡ್‌ನಲ್ಲಿ ಸೇನಾ ಕವಾಯತು ಮಾಡಲು, ಅದರಲ್ಲೂ ಆಯುಧ ಸಿಡಿಮದ್ದು ಬಳಸಲು, ನಮ್ಮ ಒಪ್ಪಿಗೆ ಬೇಕು ಎಂದು. ಒಪ್ಪಂದ ಕವಾಯತಿನ ಬಗ್ಗೆ ನೇರವಾಗಿ ಏನೂ ಹೇಳುವುದಿಲ್ಲ. ಜಗಳ ಹುಟ್ಟುವುದೇ ಆ ಮೌನದಲ್ಲಿ. ಇನ್ನೊಂದು ಮಾತು: ಆ ಒಪ್ಪಂದಕ್ಕೆ ಅಮೆರಿಕ ಸದಸ್ಯ ಅಲ್ಲ, ಅದು ರೂಢಿಯ ಕಾನೂನಿನ ಹೆಸರಿನಲ್ಲಿ ವಾದಿಸುತ್ತದೆ. ಇದು ನಿನ್ನ ಮೆಮೋರಿಯಲ್‌ನಲ್ಲಿ ಎಲ್ಲೂ ಇಲ್ಲ.

ಹಾಗಾಗಿ ಬರೆಯುವಾಗ "ಯಾರ ಸಮುದ್ರ" ಎಂದು ಕೇಳಿಕೊಳ್ಳಬೇಡ. ಅಳತೆ ಎಲ್ಲಿಂದ, ಧ್ವಜ ಯಾರದ್ದು, ಅಲ್ಲಿ ನಡೆದ ಕೆಲಸ ಏನು, ಆ ಕೆಲಸದ ಮೇಲೆ ಯಾರಿಗೆ ಅಧಿಕಾರ, ಹೀಗೆ ಕೇಳಿಕೋ. ಮೊದಲ ಪುಟದ ಆ ವಾಕ್ಯ ತೆಗೆದು ಇನ್ನೊಮ್ಮೆ ಬರೆದು ಕಳಿಸು. 56 ಮತ್ತು 58ನೇ ವಿಧಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಬರೆ.

ಜೂನ್, ಜುಲೈ ಬೋಟು ನೀರಿಗಿಳಿಯುವುದಿಲ್ಲ. ಆಗಸ್ಟ್ ಕಳೆದು ಕಡಲು ಸ್ವಲ್ಪ ಶಾಂತವಾದ ಮೇಲೆ ಬಾ. ಆ ಹಿರಿಯ ವಕೀಲರು ತೀರಿಹೋಗುವ ಮುಂಚೆ ತಮ್ಮ ನೌಕಾಪಟವನ್ನು ನನಗೇ ಕೊಟ್ಟರು, ಅವರು ಎಳೆದ ಪೆನ್ಸಿಲ್ ಗೆರೆ ಅದರ ಮೇಲೆ ಇನ್ನೂ ಇದೆ. ಮೇಜಿನ ಮೇಲೆ ಹರಡಿ ಇಬ್ಬರೂ ಅಳೆಯೋಣ.

ಇಂತು ನಿನ್ನ ಮಾವ